ಮೇಲಿನ ಎಲ್ಲವೂ, ಮೇಲಿನ ಯಾವುದೂ ಅಲ್ಲ: ಒಂದೊಂದು ಆಯ್ಕೆಯನ್ನೂ ಬೇರೆಯಾಗಿ ಪರೀಕ್ಷಿಸುವುದು ಹೇಗೆ?

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯವನು. ಎರಡು ವರ್ಷಗಳಿಂದ ಕೆಎಎಸ್ ಪೂರ್ವಭಾವಿ ಪರೀಕ್ಷೆಗೆ ಓದುತ್ತಿದ್ದೇನೆ. ಅಣಕು ಪರೀಕ್ಷೆಗಳಲ್ಲಿ ‘ಮೇಲಿನ ಎಲ್ಲವೂ’ ಅಥವಾ ‘ಮೇಲಿನ ಯಾವುದೂ ಅಲ್ಲ’ ಎಂಬ ಆಯ್ಕೆ ಇರುವ ಪ್ರಶ್ನೆಗಳಲ್ಲೇ ನನ್ನ ಅಂಕಗಳು ಹೆಚ್ಚು ಹೋಗುತ್ತಿವೆ. ‘ಎಲ್ಲವೂ’ ಎಂದಿದ್ದರೆ ಕಣ್ಣುಮುಚ್ಚಿ ಅದನ್ನೇ ತುಂಬು ಎಂದು ಗೆಳೆಯರು ಹೇಳುತ್ತಾರೆ. ಪ್ರತಿ ಆಯ್ಕೆಯನ್ನೂ ಬೇರೆ ಬೇರೆಯಾಗಿ ಪರೀಕ್ಷಿಸು ಎಂದು ನಮ್ಮ ಗುರುಗಳು ಹೇಳುತ್ತಾರೆ. ಹಾಗೆ ಮಾಡಿದರೆ ಸಮಯ ಸಾಲುವುದಿಲ್ಲ. ಕಳೆದ ವಾರ ‘ಏಕೀಕೃತ ರಾಜ್ಯದ ಮೊದಲ ಮುಖ್ಯಮಂತ್ರಿ ಯಾರು?’ ಎಂಬ ಪ್ರಶ್ನೆಗೆ ಕೆ. ಸಿ. ರೆಡ್ಡಿ, ಕೆಂಗಲ್ ಹನುಮಂತಯ್ಯ, ಕಡಿದಾಳ್ ಮಂಜಪ್ಪ, ಮೇಲಿನ ಯಾರೂ ಅಲ್ಲ ಎಂಬ ಆಯ್ಕೆಗಳಿದ್ದವು. ನಾನು ಮಂಜಪ್ಪ ಎಂದು ಬರೆದು ತಪ್ಪಿದೆ. ಇಂಥ ಪ್ರಶ್ನೆಗಳನ್ನು ಬಿಡಿಸುವ ಖಚಿತ ಕ್ರಮ ಇದೆಯೇ?

ಉತ್ತರ: ಗೆಳೆಯರ ಮಾತಿನಿಂದಲೇ ಆರಂಭಿಸುತ್ತೇನೆ, ಏಕೆಂದರೆ ಅದು ಪೂರ್ತಿ ಕಟ್ಟುಕಥೆಯಲ್ಲ. ಶಾಲಾ ಕಾಲೇಜುಗಳ ಕಿರುಪರೀಕ್ಷೆಗಳಲ್ಲಿ ‘ಮೇಲಿನ ಎಲ್ಲವೂ’ ಎಂಬುದು ಸರಿಯುತ್ತರವಾಗುವುದು ಹೆಚ್ಚು, ಮತ್ತು ಅದಕ್ಕೆ ಕಾರಣ ಪ್ರಶ್ನೆ ತಯಾರಿಸುವವರ ಮೇಜಿನ ಮೇಲಿದೆ. ಹಲವು ವರ್ಷ ಆ ಮೇಜಿನ ಮುಂದೆ ಕುಳಿತವನಾಗಿ ಹೇಳುವುದಾದರೆ, ಪ್ರಶ್ನೆ ಬರೆಯುವುದರಲ್ಲಿ ಕಷ್ಟವಾದದ್ದು ಪ್ರಶ್ನೆಯೂ ಅಲ್ಲ, ಸರಿಯುತ್ತರವೂ ಅಲ್ಲ; ನಂಬುವಂತಿರುವ ಮೂರು ತಪ್ಪು ಉತ್ತರಗಳನ್ನು ಹುಡುಕುವುದು. ಪಠ್ಯಪುಸ್ತಕದ ಒಂದು ಪ್ಯಾರಾದಲ್ಲಿ ಮೂರು ಸರಿಯಾದ ಸಂಗತಿಗಳು ಒಟ್ಟಿಗೇ ಸಿಕ್ಕಿದಾಗ, ಅವಸರದಲ್ಲಿರುವ ಅಧ್ಯಾಪಕರು ಅವನ್ನೇ ಮೂರು ಆಯ್ಕೆಗಳಾಗಿ ಇಳಿಸಿ, ನಾಲ್ಕನೆಯದಾಗಿ ‘ಮೇಲಿನ ಎಲ್ಲವೂ’ ಎಂದು ಬರೆದು ಮುಂದಿನ ಪ್ರಶ್ನೆಗೆ ಹೋಗುತ್ತಾರೆ. ಅಲ್ಲಿ ಆ ಆಯ್ಕೆ ಹುಟ್ಟಿದ್ದೇ ಉತ್ತರವಾಗಲು.

ಸ್ಪರ್ಧಾತ್ಮಕ ಪರೀಕ್ಷೆಯ ಪ್ರಶ್ನೆ ತಯಾರಿಸುವವರಿಗೆ ಈ ಅಭ್ಯಾಸ ಗೊತ್ತಿದೆ, ಅಭ್ಯರ್ಥಿಗಳಿಗೂ ಇದು ಗೊತ್ತಿದೆ ಎಂಬುದೂ ಗೊತ್ತಿದೆ. ಆದ್ದರಿಂದ ಅವರು ಕೆಲವೊಮ್ಮೆ ಅದೇ ಆಯ್ಕೆಯನ್ನು ಬಲೆಯಾಗಿ ಇಡುತ್ತಾರೆ. ಮಾಪನಶಾಸ್ತ್ರದ ವಿದ್ವಾಂಸರಂತೂ ಇದನ್ನು ಬಳಸಲೇಬಾರದು ಎನ್ನುವ ಕಡೆ ವಾಲುತ್ತಾರೆ. ಹಲಡೈನ, ಡೌನಿಂಗ್ ಮತ್ತು ರಾಡ್ರಿಗಸ್ ಎಂಬ ಮೂವರು ಅಮೆರಿಕದ ಸಂಶೋಧಕರು 2002ರಲ್ಲಿ ಬಹು ಆಯ್ಕೆ ಪ್ರಶ್ನೆಗಳ ರಚನೆಗೆ ಸಂಬಂಧಿಸಿದ 31 ನಿಯಮಗಳನ್ನು ಪರಿಶೀಲಿಸಿ ಪ್ರಕಟಿಸಿದ ಪ್ರಬಂಧದಲ್ಲಿ, ‘ಯಾವುದೂ ಅಲ್ಲ’ ಎಂಬ ಆಯ್ಕೆಯನ್ನು ಎಚ್ಚರದಿಂದ ಬಳಸಿ, ‘ಎಲ್ಲವೂ’ ಎಂಬುದನ್ನು ಕೈಬಿಡಿ ಎಂಬ ಸಲಹೆ ಇದೆ. ಈ ಎರಡಕ್ಕೂ ಬೇರೆ ಬೇರೆ ತೀರ್ಪು ಏಕೆ ಎಂಬುದು ಅರ್ಥವಾದರೆ ನಿಮ್ಮ ಸಮಸ್ಯೆಯ ಮುಕ್ಕಾಲು ಪಾಲು ಬಿಡಿಸಿದಂತೆ.

ನಿಮ್ಮ ಗುರುಗಳ ಸಲಹೆ ಸರಿಯಾದದ್ದೇ. ಆದರೆ ‘ಪ್ರತಿ ಆಯ್ಕೆಯನ್ನೂ ಬೇರೆಯಾಗಿ ಪರೀಕ್ಷಿಸು’ ಎಂಬ ಮಾತನ್ನು ಹೆಚ್ಚಿನ ಅಭ್ಯರ್ಥಿಗಳು ‘ಪ್ರತಿ ಆಯ್ಕೆಯನ್ನೂ ಓದು’ ಎಂದು ತಿಳಿಯುತ್ತಾರೆ. ಓದುವುದು ಬೇರೆ, ಪರೀಕ್ಷಿಸುವುದು ಬೇರೆ. ಆಯ್ಕೆಗಳನ್ನು ಒಂದರ ಪಕ್ಕ ಒಂದಿಟ್ಟು ಓದಿದಾಗ ನಮ್ಮ ಮನಸ್ಸು ‘ಇವುಗಳಲ್ಲಿ ಯಾವುದು ಹೆಚ್ಚು ಸರಿ ಎನಿಸುತ್ತದೆ’ ಎಂದು ಹೋಲಿಸತೊಡಗುತ್ತದೆ, ಮತ್ತು ಪರಿಚಿತವಾದ ಹೆಸರು ಗೆಲ್ಲುತ್ತದೆ. ಪರೀಕ್ಷಿಸುವುದೆಂದರೆ ಪ್ರಶ್ನೆಯ ವಾಕ್ಯಕ್ಕೆ ಒಂದು ಆಯ್ಕೆಯನ್ನು ಮಾತ್ರ ಜೋಡಿಸಿ ಪೂರ್ಣ ವಾಕ್ಯ ಮಾಡಿ, ಉಳಿದ ಆಯ್ಕೆಗಳು ಅಲ್ಲಿ ಇಲ್ಲವೇ ಇಲ್ಲ ಎಂಬಂತೆ, ಆ ವಾಕ್ಯ ನಿಜವೋ ಸುಳ್ಳೋ ಎಂದು ನಿರ್ಧರಿಸುವುದು. ಉತ್ತರ ಮೂರೇ ಬಗೆಯದು: ಹೌದು, ಅಲ್ಲ, ಗೊತ್ತಿಲ್ಲ. ‘ಇರಬಹುದು’ ಎಂಬುದು ‘ಗೊತ್ತಿಲ್ಲ’ ಎಂಬುದರ ಇನ್ನೊಂದು ಹೆಸರು. ಅದನ್ನು ‘ಹೌದು’ ಎಂದು ಲೆಕ್ಕ ಹಾಕುವುದೇ ಈ ಬಗೆಯ ಪ್ರಶ್ನೆಗಳಲ್ಲಿ ಆಗುವ ಮೊದಲ ತಪ್ಪು. ಪ್ರಶ್ನೆಪತ್ರಿಕೆಯ ಅಂಚಿನಲ್ಲಿ ಆಯ್ಕೆಯ ಪಕ್ಕ ಸಣ್ಣದಾಗಿ ಗುರುತು ಹಾಕಿಕೊಳ್ಳುವ ಅಭ್ಯಾಸವಿದ್ದರೆ ಇನ್ನೂ ಒಳ್ಳೆಯದು.

ಒಂದು ಸರಳ ಉದಾಹರಣೆ. ‘ಕೆಳಗಿನವುಗಳಲ್ಲಿ ಕಾವೇರಿಯ ಉಪನದಿ ಯಾವುದು?’ ಎಂದು ಕೇಳಿ ಹೇಮಾವತಿ, ಕಬಿನಿ, ಅರ್ಕಾವತಿ, ಮೇಲಿನ ಎಲ್ಲವೂ ಎಂದು ಕೊಟ್ಟಿದ್ದಾರೆ ಎನ್ನಿ. ಅವಸರದ ಅಭ್ಯರ್ಥಿ ಹೇಮಾವತಿಯನ್ನು ಕಂಡೊಡನೆ ಸರಿಯುತ್ತರ ಸಿಕ್ಕಿತೆಂದು ವೃತ್ತ ತುಂಬಿ ಮುಂದೆ ಹೋಗುತ್ತಾನೆ. ಅವನ ತಿಳಿವಳಿಕೆಯಲ್ಲಿ ಯಾವ ದೋಷವೂ ಇಲ್ಲ, ಆದರೂ ಅಂಕ ಹೋಯಿತು. ಕ್ರಮವಾಗಿ ಹೋಗುವವನು ‘ಹೇಮಾವತಿ ಕಾವೇರಿಯ ಉಪನದಿ’ ಎಂಬ ವಾಕ್ಯಕ್ಕೆ ಹೌದು ಎನ್ನುತ್ತಾನೆ, ಅದು ಕೃಷ್ಣರಾಜಸಾಗರದ ಹಿನ್ನೀರಿನಲ್ಲಿ ಕಾವೇರಿಗೆ ಸೇರುತ್ತದೆ. ‘ಕಬಿನಿ ಕಾವೇರಿಯ ಉಪನದಿ’ ಎಂಬುದಕ್ಕೂ ಹೌದು, ಅವುಗಳ ಸಂಗಮ ತಿ. ನರಸೀಪುರದಲ್ಲಿದೆ. ಅರ್ಕಾವತಿಯ ಬಗ್ಗೆ ಅವನಿಗೆ ಏನೂ ಗೊತ್ತಿಲ್ಲದಿರಬಹುದು, ಕನಕಪುರದ ಕಡೆಯ ಸಂಗಮದ ಹೆಸರನ್ನೇ ಕೇಳದಿರಬಹುದು. ಆದರೂ ಉತ್ತರ ನಿರ್ಧಾರವಾಗಿ ಹೋಗಿದೆ: ಎರಡು ಆಯ್ಕೆಗಳು ನಿಜವಾಗಿದ್ದು, ಒಂದೇ ವೃತ್ತ ತುಂಬಬೇಕು ಎಂದಾದರೆ, ಆ ಎರಡನ್ನೂ ಒಳಗೊಳ್ಳುವ ಆಯ್ಕೆ ನಾಲ್ಕನೆಯದೊಂದೇ.

ನಿಮ್ಮ ಸಮಯದ ಚಿಂತೆಗೆ ಉತ್ತರ ಇಲ್ಲೇ ಇದೆ. ದೋಷವಿಲ್ಲದೆ ರಚಿಸಿದ ‘ಮೇಲಿನ ಎಲ್ಲವೂ’ ಪ್ರಶ್ನೆಯಲ್ಲಿ ಮೊದಲ ಮೂರು ಆಯ್ಕೆಗಳ ಪೈಕಿ ಒಂದು ಮಾತ್ರ ನಿಜವಾಗಿರಬೇಕು, ಇಲ್ಲವೇ ಮೂರೂ ನಿಜವಾಗಿರಬೇಕು. ಎರಡು ನಿಜ, ಒಂದು ಸುಳ್ಳು ಎಂಬ ಸ್ಥಿತಿಗೆ ಅಲ್ಲಿ ಜಾಗವಿಲ್ಲ, ಏಕೆಂದರೆ ಆಗ ಎರಡು ಸರಿಯುತ್ತರಗಳಾಗುತ್ತವೆ. ಮೂರೂ ಸುಳ್ಳಾಗಲೂ ಸಾಧ್ಯವಿಲ್ಲ. ಹೀಗಿರುವಾಗ ಮೂರರಲ್ಲಿ ಯಾವುದಾದರೂ ಎರಡನ್ನು ಖಚಿತವಾಗಿ ಪರೀಕ್ಷಿಸಿದರೆ ಸಾಕು. ಎರಡೂ ನಿಜವಾದರೆ ಉತ್ತರ ‘ಎಲ್ಲವೂ’. ಒಂದು ನಿಜ, ಒಂದು ಸುಳ್ಳು ಎಂದಾದರೆ ನಿಜವಾದದ್ದೇ ಉತ್ತರ. ಎರಡೂ ಸುಳ್ಳಾದರೆ ಮೂರನೆಯದು ಉತ್ತರ. ಮೂರನೆಯದನ್ನು ನೀವು ಮುಟ್ಟಲೇಬೇಕಾಗಿಲ್ಲ. ಆದ್ದರಿಂದ ಮೇಲಿನಿಂದ ಕೆಳಕ್ಕೆ ಕ್ರಮವಾಗಿ ಹೋಗುವ ಬದಲು, ನಿಮಗೆ ಚೆನ್ನಾಗಿ ಗೊತ್ತಿರುವ ಎರಡು ಆಯ್ಕೆಗಳನ್ನು ಮೊದಲು ಎತ್ತಿಕೊಳ್ಳಿ. ಅಪರಿಚಿತ ಹೆಸರಿನ ಮುಂದೆ ಅರ್ಧ ನಿಮಿಷ ತಲೆ ಕೆರೆದುಕೊಳ್ಳುವುದರಲ್ಲೇ ನಿಮ್ಮ ಸಮಯ ಹೋಗುತ್ತಿರುವ ಸಾಧ್ಯತೆ ಹೆಚ್ಚು. ವಿದ್ವಾಂಸರು ಈ ಆಯ್ಕೆಯನ್ನು ಬೇಡವೆನ್ನುವುದಕ್ಕೂ ಇದೇ ಕಾರಣ. ಮೂರು ಸಂಗತಿಗಳನ್ನು ತಿಳಿದವನಿಗೂ ಎರಡನ್ನು ಮಾತ್ರ ತಿಳಿದವನಿಗೂ ಒಂದೇ ಅಂಕ ಸಿಗುತ್ತದೆ.

ಇದೇ ಕ್ರಮವನ್ನು ಬಲೆಯಿರುವ ಪ್ರಶ್ನೆಗೆ ಹಚ್ಚಿ ನೋಡೋಣ. ‘ಕೆಳಗಿನವುಗಳಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಯಲ್ಲಿರುವ ಸ್ಮಾರಕ ಸಮೂಹ ಯಾವುದು?’ ಆಯ್ಕೆಗಳು: ಬಾದಾಮಿ, ಐಹೊಳೆ, ಪಟ್ಟದಕಲ್ಲು, ಮೇಲಿನ ಎಲ್ಲವೂ. ಈ ಮೂರು ಹೆಸರುಗಳನ್ನು ನಾವು ಶಾಲೆಯಿಂದಲೂ ಒಂದೇ ಉಸಿರಿನಲ್ಲಿ ಹೇಳಿಕೊಂಡು ಬಂದವರು. ಪ್ರವಾಸ ಹೋಗುವುದೂ ಮೂರಕ್ಕೂ ಒಂದೇ ದಿನ. ಹೋಲಿಸಿ ಓದುವ ಮನಸ್ಸು ತಡಮಾಡದೆ ‘ಎಲ್ಲವೂ’ ಎನ್ನುತ್ತದೆ. ಬೇರೆಯಾಗಿ ಕೇಳಿಕೊಂಡರೆ, ಪಟ್ಟದಕಲ್ಲಿನ ಸ್ಮಾರಕಗಳು 1987ರಲ್ಲಿ ಪಟ್ಟಿಗೆ ಸೇರಿದ್ದು ನೆನಪಿಗೆ ಬರುತ್ತದೆ. ‘ಬಾದಾಮಿ ಪಟ್ಟಿಯಲ್ಲಿದೆ’ ಎಂಬ ವಾಕ್ಯವನ್ನು ಎಲ್ಲಿ ಓದಿದ್ದೆ ಎಂದು ಕೇಳಿಕೊಂಡಾಗ ಎಲ್ಲೂ ಓದಿಲ್ಲ ಎಂಬುದು ತಿಳಿಯುತ್ತದೆ. ಬಾದಾಮಿ ಅಲ್ಲ ಎಂದು ಖಚಿತವಾದ ಆ ಕ್ಷಣದಲ್ಲೇ ‘ಎಲ್ಲವೂ’ ಬಿದ್ದುಹೋಯಿತು, ಪಟ್ಟದಕಲ್ಲು ಉಳಿಯಿತು, ಐಹೊಳೆಯ ಬಗ್ಗೆ ಯೋಚಿಸುವ ಅಗತ್ಯವೇ ಬರಲಿಲ್ಲ. ಒಂದು ಖಚಿತವಾದ ‘ಅಲ್ಲ’ ಸಿಕ್ಕರೆ ‘ಮೇಲಿನ ಎಲ್ಲವೂ’ ಸತ್ತಂತೆಯೇ, ಅದರ ಮೇಲೆ ಎಷ್ಟು ಮೋಹವಿದ್ದರೂ.

ಈ ಎರಡು ಆಯ್ಕೆಗಳ ಸೂತ್ರಕ್ಕೆ ಮಿತಿಗಳಿವೆ, ಅವನ್ನು ಹೇಳದೆ ಬಿಟ್ಟರೆ ನಿಮ್ಮನ್ನು ಬಾವಿಗೆ ಇಳಿಸಿ ಹಗ್ಗ ಕತ್ತರಿಸಿದಂತಾಗುತ್ತದೆ. ಮೊದಲನೆಯದು, ಪ್ರಶ್ನೆಯಲ್ಲಿ ‘ಮುಖ್ಯ’, ‘ಅತಿ ಹೆಚ್ಚು’, ‘ಪ್ರಧಾನ’ ಎಂಬಂಥ ಪದವಿದ್ದರೆ ನಿಜ–ಸುಳ್ಳಿನ ಪರೀಕ್ಷೆಯನ್ನು ಆ ಪದದೊಂದಿಗೇ ಮಾಡಬೇಕು. ‘ಕರ್ನಾಟಕಕ್ಕೆ ಅತಿ ಹೆಚ್ಚು ಮಳೆ ತರುವುದು ಯಾವುದು?’ ಎಂಬ ಪ್ರಶ್ನೆಗೆ ನೈಋತ್ಯ ಮಾರುತ, ಈಶಾನ್ಯ ಮಾರುತ, ಮುಂಗಾರು ಪೂರ್ವ ಮಳೆ ಎಂಬ ಆಯ್ಕೆಗಳ ಕೆಳಗೆ ‘ಎಲ್ಲವೂ’ ಇದ್ದರೆ, ಮೂರೂ ಮಳೆ ತರುತ್ತವೆ ಎಂಬ ಕಾರಣಕ್ಕೆ ಅದನ್ನು ತುಂಬುವಂತಿಲ್ಲ. ‘ಅತಿ ಹೆಚ್ಚು’ ಎಂಬುದು ನೈಋತ್ಯಕ್ಕೆ ಮಾತ್ರ ಹೊಂದುತ್ತದೆ. ಎರಡನೆಯದು, ಪ್ರಶ್ನೆಯೇ ದೋಷಪೂರಿತವಾಗಿರಬಹುದು. ‘ಅರಬ್ಬೀ ಸಮುದ್ರವನ್ನು ಸೇರುವ ನದಿ ಯಾವುದು?’ ಎಂದು ಕೇಳಿ ಶರಾವತಿ, ನೇತ್ರಾವತಿ, ತುಂಗಭದ್ರಾ, ಮೇಲಿನ ಎಲ್ಲವೂ ಎಂದು ಕೊಟ್ಟರೆ, ಮೊದಲ ಎರಡನ್ನು ನೋಡಿದವನು ‘ಎಲ್ಲವೂ’ ಎನ್ನುತ್ತಾನೆ. ಆದರೆ ತುಂಗಭದ್ರೆ ಕೃಷ್ಣೆಯನ್ನು ಕೂಡಿ ಬಂಗಾಳ ಕೊಲ್ಲಿಯ ಕಡೆ ಹರಿಯುತ್ತದೆ. ಎರಡು ನಿಜ, ಒಂದು ಸುಳ್ಳು: ಸಾಧ್ಯವಿಲ್ಲದ ಸ್ಥಿತಿ. ಇಂಥ ಕಡೆ ‘ಸೇರದ’ ಎಂಬುದು ಅಚ್ಚಿನಲ್ಲೋ ಅನುವಾದದಲ್ಲೋ ‘ಸೇರುವ’ ಎಂದಾಗಿರುವ ಸಂಶಯ ಬರಬೇಕು. ತಕ್ಷಣ ಪಕ್ಕದಲ್ಲಿರುವ ಇಂಗ್ಲಿಷ್ ಪಾಠವನ್ನು ನೋಡಬೇಕು. ಮೂರನೇ ಆಯ್ಕೆ ಒಂದು ನೋಟಕ್ಕೇ ತಿಳಿಯುವಂತಿದ್ದರೆ ಅದನ್ನೂ ನೋಡಿಬಿಡಿ ಎಂದು ನಾನು ಹೇಳುವುದು ಇದಕ್ಕಾಗಿ.

ಈಗ ನಿಮ್ಮ ಮುಖ್ಯಮಂತ್ರಿಗಳ ಪ್ರಶ್ನೆಗೆ ಬರೋಣ. ಅದು ಬೇರೆ ಜಾತಿಯದು, ಅಲ್ಲಿ ಮೇಲಿನ ಸೂತ್ರ ನಡೆಯುವುದಿಲ್ಲ. ‘ಮೇಲಿನ ಯಾವುದೂ ಅಲ್ಲ’ ಇರುವ ಪ್ರಶ್ನೆಯಲ್ಲಿ ಒಂದು ನಿಜ ಸಿಕ್ಕರೆ ಕೆಲಸ ಮುಗಿಯಿತು, ಆದರೆ ಎರಡು ಸುಳ್ಳು ಸಿಕ್ಕರೆ ಏನೂ ಮುಗಿಯುವುದಿಲ್ಲ. ಮೂರನೆಯದು ನಿಜವಾಗಿದ್ದು ಅದೇ ಉತ್ತರವಾಗಬಹುದು, ಅದೂ ಸುಳ್ಳಾಗಿ ಉತ್ತರ ಪಟ್ಟಿಯ ಹೊರಗೇ ಇರಬಹುದು. ಮಾಮೂಲಿ ಪ್ರಶ್ನೆಗಳಲ್ಲಿ ಮೂರು ತಪ್ಪುಗಳನ್ನು ತೆಗೆದುಹಾಕಿ ಉಳಿದದ್ದನ್ನು ತುಂಬುವ ಅಭ್ಯಾಸ ನಮಗೆಲ್ಲ ಕೈಗೆ ಹತ್ತಿರುತ್ತದೆ. ಆ ಅಭ್ಯಾಸವನ್ನೇ ಈ ಆಯ್ಕೆ ಹಿಡಿದು ಹೊಡೆಯುತ್ತದೆ. ನೀವು ಮಾಡಿದ್ದೂ ಅದನ್ನೇ ಎಂದು ನನ್ನ ಊಹೆ. ರೆಡ್ಡಿಯವರು ಸ್ವಾತಂತ್ರ್ಯ ಬಂದ ಕಾಲದವರು ಎಂದು ತೆಗೆದಿರಿ, ಹನುಮಂತಯ್ಯನವರು ವಿಧಾನಸೌಧ ಕಟ್ಟಿಸಿದ ಕಾಲದವರು, 1956ಕ್ಕೆ ಮೊದಲಿನವರು ಎಂದು ತೆಗೆದಿರಿ, ಉಳಿದವರು ಮಂಜಪ್ಪನವರು, ಅವರ ಹೆಸರಿನೊಂದಿಗೆ 1956 ಎಂಬ ಇಸವಿಯೂ ನಿಮಗೆ ನೆನಪಿತ್ತು. ಎಲ್ಲವೂ ಕೂಡಿಬಂದಂತೆ ಕಂಡಿತು.

ಉಳಿದ ಆಯ್ಕೆಯನ್ನೂ ಮೊದಲಿನ ಎರಡರಷ್ಟೇ ನಿಷ್ಠುರವಾಗಿ ಪರೀಕ್ಷಿಸಿದ್ದರೆ ಪ್ರಶ್ನೆ ಹೀಗಾಗುತ್ತಿತ್ತು: ‘1956ರ ನವೆಂಬರ್ 1ರಂದು ಏಕೀಕೃತ ರಾಜ್ಯ ಉದಯವಾದಾಗ ಕಡಿದಾಳ್ ಮಂಜಪ್ಪ ಮುಖ್ಯಮಂತ್ರಿಯಾದರು.’ ಮಂಜಪ್ಪನವರು ಅದೇ ವರ್ಷದ ಆಗಸ್ಟ್‌ನಿಂದ ಅಕ್ಟೋಬರ್ ಕೊನೆಯವರೆಗೆ ಮುಖ್ಯಮಂತ್ರಿಯಾಗಿದ್ದವರು, ಅಂದರೆ ಹಳೆಯ ಮೈಸೂರು ರಾಜ್ಯದ ಕೊನೆಯ ಮುಖ್ಯಮಂತ್ರಿ. ನವೆಂಬರ್ 1ರಂದು ಅಧಿಕಾರ ವಹಿಸಿಕೊಂಡವರು ಎಸ್. ನಿಜಲಿಂಗಪ್ಪ. ಅವರ ಹೆಸರು ಪಟ್ಟಿಯಲ್ಲಿಲ್ಲ, ಆದ್ದರಿಂದ ಉತ್ತರ ‘ಮೇಲಿನ ಯಾರೂ ಅಲ್ಲ’. ಪ್ರಶ್ನೆ ತಯಾರಿಸಿದವರು ಇಸವಿ ಒಂದೇ ಇದ್ದು ತಿಂಗಳು ಬೇರೆಯಾಗಿರುವ ಹೆಸರನ್ನು ಬೇಕೆಂದೇ ಇಟ್ಟಿದ್ದಾರೆ; ಚೆನ್ನಾಗಿ ಇಟ್ಟಿದ್ದಾರೆ ಎಂದೂ ಹೇಳಬೇಕು.

ಇದರಿಂದ ಒಂದು ಉಪಯುಕ್ತ ಅಭ್ಯಾಸ ಹುಟ್ಟುತ್ತದೆ. ‘ಯಾವುದೂ ಅಲ್ಲ’ ಎಂಬ ಆಯ್ಕೆ ಕಂಡೊಡನೆ, ಉಳಿದ ಆಯ್ಕೆಗಳನ್ನು ಕೈಯಿಂದ ಮುಚ್ಚಿ, ಪ್ರಶ್ನೆಗೆ ನಿಮ್ಮ ಸ್ವಂತ ಉತ್ತರವನ್ನು ಮನಸ್ಸಿನಲ್ಲೇ ಹೇಳಿಕೊಳ್ಳಿ. ‘ನಿಜಲಿಂಗಪ್ಪ’ ಎಂದು ಹೊಳೆದರೆ, ಪಟ್ಟಿಯಲ್ಲಿ ಆ ಹೆಸರಿದೆಯೇ ಎಂದು ನೋಡುವುದಷ್ಟೇ ಉಳಿದ ಕೆಲಸ. ಸ್ವಂತ ಉತ್ತರ ಹೊಳೆಯದಿದ್ದರೆ ಮಾತ್ರ ಒಂದೊಂದನ್ನೇ ಪರೀಕ್ಷಿಸಬೇಕು, ಮತ್ತು ಆಗ ಮೂರನ್ನೂ ಪರೀಕ್ಷಿಸಲೇಬೇಕು. ಇದೇ ಮೂರು ಹೆಸರುಗಳನ್ನು ಇಟ್ಟುಕೊಂಡು ಪ್ರಶ್ನೆಯ ವಾಕ್ಯವನ್ನಷ್ಟೇ ಬದಲಿಸಿ ನೋಡಿ: ‘ಸ್ವಾತಂತ್ರ್ಯಾನಂತರ ಮೈಸೂರಿನ ಮೊದಲ ಮುಖ್ಯಮಂತ್ರಿ’ ಎಂದು ಕೇಳಿದರೆ ಉತ್ತರ ಕೆ. ಸಿ. ರೆಡ್ಡಿ, ‘ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಿಟ್ಟಾಗ ಮುಖ್ಯಮಂತ್ರಿಯಾಗಿದ್ದವರು’ ಎಂದು ಕೇಳಿದರೆ, ಅದು 1973ರ ಮಾತಾದ್ದರಿಂದ ಉತ್ತರ ದೇವರಾಜ ಅರಸು, ಅಂದರೆ ಮತ್ತೆ ‘ಯಾರೂ ಅಲ್ಲ’. ಆಯ್ಕೆಗಳು ಅವೇ, ಉತ್ತರ ತಿರುಗುವುದು ಪ್ರಶ್ನೆಯ ಒಂದು ಪದದ ಮೇಲೆ. ಆಯ್ಕೆಯನ್ನು ಒಂಟಿ ಹೆಸರಾಗಿ ನೋಡದೆ ಪೂರ್ಣ ವಾಕ್ಯವಾಗಿ ನೋಡಿ ಎಂದು ನಾನು ಮೇಲೆ ಹೇಳಿದ್ದು ಇದೇ ಕಾರಣಕ್ಕೆ.

ಇನ್ನು ನಕಾರಾತ್ಮಕ ಪ್ರಶ್ನೆ. ನನ್ನ ಅನುಭವದಲ್ಲಿ ಚೆನ್ನಾಗಿ ಓದಿಕೊಂಡ ಅಭ್ಯರ್ಥಿಗಳು ಎಡವುವುದು ಇಲ್ಲಿಯೇ. ‘ಕೆಳಗಿನವರಲ್ಲಿ ಜ್ಞಾನಪೀಠ ಪ್ರಶಸ್ತಿ ಪುರಸ್ಕೃತರಲ್ಲದವರು ಯಾರು?’ ಆಯ್ಕೆಗಳು: ವಿ. ಕೃ. ಗೋಕಾಕ್, ಯು. ಆರ್. ಅನಂತಮೂರ್ತಿ, ಚಂದ್ರಶೇಖರ ಕಂಬಾರ, ಮೇಲಿನ ಯಾರೂ ಅಲ್ಲ. ಮೂವರಿಗೂ ಪ್ರಶಸ್ತಿ ಬಂದಿದೆ. ಹಾಗಾದರೆ ಪ್ರಶಸ್ತಿ ಬಾರದವರು ಈ ಮೂವರಲ್ಲಿ ಯಾರೂ ಅಲ್ಲ, ಉತ್ತರ ನಾಲ್ಕನೆಯದು. ಆದರೆ ಪರೀಕ್ಷಾ ಕೊಠಡಿಯಲ್ಲಿ ‘ಯಾರೂ ಅಲ್ಲ’ ಎಂಬುದನ್ನು ‘ಇವರಲ್ಲಿ ಯಾರೂ ಪುರಸ್ಕೃತರಲ್ಲ’ ಎಂದು ಓದಿಕೊಂಡು, ಮೂವರಿಗೂ ಬಂದಿದೆಯಲ್ಲ, ಇದು ಉತ್ತರವಾಗುವುದು ಹೇಗೆ ಎಂದು ತಬ್ಬಿಬ್ಬಾಗಿ, ಕೊನೆಗೆ ಕಡಿಮೆ ಪರಿಚಯವಿರುವ ಹೆಸರಿನ ಮೇಲೆ ವೃತ್ತ ತುಂಬಿ ಬರುವವರು ಅನೇಕರು. ಕನ್ನಡದಲ್ಲಿ ‘ಅಲ್ಲ’ ಎಂಬುದು ವಾಕ್ಯದ ಕೊನೆಗೆ ಬಂದು ಕೂರುವುದರಿಂದ, ಪ್ರಶ್ನೆಯಲ್ಲಿ ಒಂದು ಅಲ್ಲ, ಆಯ್ಕೆಯಲ್ಲಿ ಇನ್ನೊಂದು ಅಲ್ಲ ಸೇರಿದಾಗ ಕಿವಿ ಎರಡನ್ನೂ ಒಂದಾಗಿಸಿಬಿಡುತ್ತದೆ.

ಪರಿಹಾರವೆಂದರೆ ನಕಾರವನ್ನು ತಾತ್ಕಾಲಿಕವಾಗಿ ಬದಿಗಿಡುವುದು. ಪ್ರಶ್ನೆಯಲ್ಲಿನ ‘ಅಲ್ಲದವರು’ ಎಂಬ ಪದದ ಕೆಳಗೆ ಗೆರೆ ಎಳೆಯಿರಿ. ನಂತರ ಪ್ರತಿ ಆಯ್ಕೆಯನ್ನೂ ಸಕಾರ ವಾಕ್ಯವಾಗಿಯೇ ಪರೀಕ್ಷಿಸಿ: ‘ಗೋಕಾಕರಿಗೆ ಜ್ಞಾನಪೀಠ ಬಂದಿದೆ’, ಹೌದು, ‘ಅನಂತಮೂರ್ತಿಯವರಿಗೆ ಬಂದಿದೆ’, ಹೌದು, ‘ಕಂಬಾರರಿಗೆ ಬಂದಿದೆ’, ಹೌದು. ಗುರುತುಗಳನ್ನು ಹಾಕಿ ಮುಗಿದ ಮೇಲೆ ಮಾತ್ರ ಪ್ರಶ್ನೆಗೆ ಹಿಂದಿರುಗಿ, ‘ನನಗೆ ಬೇಕಾಗಿರುವುದು ಅಲ್ಲ ಎಂಬ ಗುರುತು ಬಿದ್ದ ಆಯ್ಕೆ, ಅಂಥದ್ದು ಇದೆಯೇ?’ ಎಂದು ಕೇಳಿಕೊಳ್ಳಿ. ಇಲ್ಲ, ಆದ್ದರಿಂದ ‘ಯಾರೂ ಅಲ್ಲ’. ಕಂಬಾರರ ಜಾಗದಲ್ಲಿ ಎಸ್. ಎಲ್. ಭೈರಪ್ಪನವರ ಹೆಸರಿದ್ದಿದ್ದರೆ ಅಲ್ಲಿ ಒಂದು ‘ಅಲ್ಲ’ ಬಿದ್ದು, ಅದೇ ಉತ್ತರವಾಗುತ್ತಿತ್ತು. ಅವರಿಗೆ ಸಿಕ್ಕಿದ್ದು ಸರಸ್ವತಿ ಸಮ್ಮಾನ್, ಜ್ಞಾನಪೀಠವಲ್ಲ. ನಕಾರದ ಪ್ರಶ್ನೆಯಲ್ಲಿ ‘ಮೇಲಿನ ಎಲ್ಲವೂ’ ಎಂದಿದ್ದರೆ ಅದರ ಅರ್ಥ ಎಲ್ಲ ಆಯ್ಕೆಗಳಿಗೂ ‘ಅಲ್ಲ’ ಎಂಬ ಗುರುತು ಬಿದ್ದಿದೆ ಎಂದು.

ಭಾಷೆಯ ಇನ್ನೊಂದು ತೊಡಕನ್ನು ಇಲ್ಲೇ ಹೇಳಿಬಿಡುತ್ತೇನೆ. ಕೆಲವು ಪತ್ರಿಕೆಗಳಲ್ಲಿ ‘ಮೇಲಿನ ಯಾವುದೂ ಅಲ್ಲ’ ಎಂದಿರಬೇಕಾದ ಕಡೆ ‘ಮೇಲಿನ ಎಲ್ಲವೂ ಅಲ್ಲ’ ಎಂದು ಅಚ್ಚಾಗಿರುತ್ತದೆ. ‘ಎಲ್ಲರೂ ಬಂದಿಲ್ಲ’ ಎಂದು ಮದುವೆಮನೆಯಲ್ಲಿ ಹೇಳಿದರೆ ಕೆಲವರು ಬಂದಿದ್ದಾರೆ, ಇನ್ನು ಕೆಲವರು ಬರಬೇಕು ಎಂದೇ ನಾವು ತಿಳಿಯುತ್ತೇವೆ. ಯಾರೂ ಬಂದಿಲ್ಲ ಎಂದಲ್ಲ. ಆದ್ದರಿಂದ ‘ಎಲ್ಲವೂ ಅಲ್ಲ’ ಎಂಬ ಆಯ್ಕೆಯನ್ನು ‘ಮೂರೂ ನಿಜವಲ್ಲ, ಕೆಲವು ನಿಜ’ ಎಂದು ಓದಿದವನನ್ನು ತಪ್ಪು ಎನ್ನಲಾಗದು, ಆದರೆ ಕೀ ಉತ್ತರ ಅವನ ಕಡೆ ಇರುವುದಿಲ್ಲ. ಈ ಪದಗುಚ್ಛ ಕಂಡಾಗ ಇಂಗ್ಲಿಷ್ ಆಯ್ಕೆಯನ್ನು ನೋಡದೆ ಮುಂದೆ ಹೋಗಬೇಡಿ. ಅನುವಾದದ ತಪ್ಪುಗಳು ಎಷ್ಟು ದೂರ ಹೋಗಬಲ್ಲವು ಎಂಬುದು ನಿಮಗೆ ತಿಳಿದೇ ಇದೆ: 2024ರ ಆಗಸ್ಟ್ 27ರಂದು ನಡೆದ ಕೆಎಎಸ್ ಪೂರ್ವಭಾವಿ ಪರೀಕ್ಷೆಯನ್ನು ಕನ್ನಡ ಪ್ರಶ್ನೆಗಳ ಅನುವಾದದ ದೋಷಗಳ ಕಾರಣಕ್ಕೆ ಅದೇ ವರ್ಷದ ಡಿಸೆಂಬರ್ 29ರಂದು ಮತ್ತೆ ನಡೆಸಬೇಕಾಯಿತು. ಕಂಪ್ಯೂಟರ್‌ನಲ್ಲಿ ಬರೆಯುವ ಅಣಕು ಪರೀಕ್ಷೆಗಳಲ್ಲಿ ಇನ್ನೊಂದು ತಮಾಷೆಯನ್ನು ನಾನೇ ಕಂಡಿದ್ದೇನೆ. ಒಂದು ಕೋಚಿಂಗ್ ಕೇಂದ್ರದ ತಂತ್ರಾಂಶ ಆಯ್ಕೆಗಳ ಕ್ರಮವನ್ನು ತಾನೇ ಕಲಸಿ, ‘ಮೇಲಿನ ಎಲ್ಲವೂ’ ಎಂಬುದನ್ನು ಮೊದಲ ಆಯ್ಕೆಯಾಗಿ ತೋರಿಸುತ್ತಿತ್ತು. ಅದರ ಮೇಲೆ ಇದ್ದದ್ದು ಪ್ರಶ್ನೆಯೊಂದೇ. ಇಂಥ ಕಡೆ ‘ಮೇಲಿನ’ ಎಂಬುದನ್ನು ‘ಉಳಿದ ಮೂರೂ’ ಎಂದೇ ಓದಿಕೊಳ್ಳಬೇಕು.

ಎರಡು ಹೇಳಿಕೆಗಳನ್ನು ಕೊಟ್ಟು ‘1 ಮಾತ್ರ, 2 ಮಾತ್ರ, 1 ಮತ್ತು 2 ಎರಡೂ, ಎರಡೂ ಅಲ್ಲ’ ಎಂದು ಕೇಳುವ ಪ್ರಶ್ನೆಗಳು ಇದೇ ಕುಟುಂಬದವು, ಆದರೆ ಹೆಚ್ಚು ಪ್ರಾಮಾಣಿಕವಾದವು. ಎರಡು ಹೇಳಿಕೆಗಳಿಗೆ ಸಾಧ್ಯವಿರುವ ನಾಲ್ಕೂ ಸ್ಥಿತಿಗಳಿಗೆ ಅಲ್ಲಿ ಒಂದೊಂದು ಆಯ್ಕೆ ಇರುತ್ತದೆ, ಹೀಗಾಗಿ ಒಳದಾರಿಗಳಿಲ್ಲ. ಒಂದು ಹೇಳಿಕೆ ನಿಜವಾದರೆ ಇನ್ನೊಂದರ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ‘ರಾಜ್ಯಸಭೆಯನ್ನು ವಿಸರ್ಜಿಸಲಾಗದು’ ಮತ್ತು ‘ಧನ ವಿಧೇಯಕವನ್ನು ಲೋಕಸಭೆಯಲ್ಲಿ ಮಾತ್ರ ಮಂಡಿಸಬಹುದು’ ಎಂಬ ಎರಡು ಹೇಳಿಕೆಗಳಿದ್ದರೆ ಎರಡೂ ನಿಜ. ‘ಮಾತ್ರ’, ‘ಎಂದಿಗೂ’, ‘ಎಲ್ಲ’ ಎಂಬ ಪದಗಳಿರುವ ಹೇಳಿಕೆ ತಪ್ಪಾಗಿಯೇ ಇರುತ್ತದೆ ಎಂದು ಕೋಚಿಂಗ್ ಕೇಂದ್ರಗಳಲ್ಲಿ ಹೇಳಿಕೊಡುವುದುಂಟು. ಅದನ್ನು ನಂಬಿದವನು ಈ ಎರಡನೇ ಹೇಳಿಕೆಯಲ್ಲಿ ಅಂಕ ಕಳೆದುಕೊಳ್ಳುತ್ತಾನೆ. ಸಂವಿಧಾನದಲ್ಲಿ ‘ಮಾತ್ರ’ಗಳು ಬೇಕಾದಷ್ಟಿವೆ.

ಕೇಂದ್ರ ಲೋಕಸೇವಾ ಆಯೋಗ 2023ರ ಪೂರ್ವಭಾವಿ ಪರೀಕ್ಷೆಯಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ‘ಮೇಲಿನ ಹೇಳಿಕೆಗಳಲ್ಲಿ ಎಷ್ಟು ಸರಿ?’ ಎಂದು ಕೇಳಿ ‘ಒಂದು ಮಾತ್ರ, ಎರಡು ಮಾತ್ರ, ಮೂರೂ, ಯಾವುದೂ ಅಲ್ಲ’ ಎಂಬ ಆಯ್ಕೆಗಳನ್ನು ಧಾರಾಳವಾಗಿ ಕೊಟ್ಟಿತು. ಇಲ್ಲಿ ಪ್ರತಿ ಹೇಳಿಕೆಯನ್ನೂ ಸ್ವತಂತ್ರವಾಗಿ ಪರೀಕ್ಷಿಸುವುದನ್ನು ಬಿಟ್ಟರೆ ಬೇರೆ ದಾರಿಯಿಲ್ಲ. ಒಂದೊಂದು ಹೇಳಿಕೆಯ ಬಗ್ಗೆಯೂ ನಿಮ್ಮ ತೀರ್ಪು ನೂರಕ್ಕೆ 70ರಷ್ಟು ಸಲ ಸರಿಯಾಗುತ್ತದೆ ಎಂದಿಟ್ಟುಕೊಂಡರೆ, ಮೂರೂ ತೀರ್ಪುಗಳು ಒಟ್ಟಿಗೆ ಸರಿಯಾಗುವ ಸಾಧ್ಯತೆ ಸುಮಾರು ನೂರಕ್ಕೆ 34 ಮಾತ್ರ. ಎರಡು ತಪ್ಪುಗಳು ಒಂದನ್ನೊಂದು ಸರಿದೂಗಿಸಿ ಎಣಿಕೆ ಹೇಗೋ ಹೊಂದಿಕೊಳ್ಳುವ ಅದೃಷ್ಟವೂ ಇರುತ್ತದೆ, ಆದರೆ ಅದನ್ನು ನಂಬಿ ವೃತ್ತ ತುಂಬುವುದು ಬೇಡ.

ಕೊನೆಯದಾಗಿ ಅಂಕಗಳ ಲೆಕ್ಕ, ಏಕೆಂದರೆ ಯಾವಾಗ ಊಹಿಸಬೇಕು, ಯಾವಾಗ ಬಿಡಬೇಕು ಎಂಬುದು ಇದರ ಮೇಲೆ ನಿಂತಿದೆ. ಕೆಎಎಸ್ ಪೂರ್ವಭಾವಿಯಲ್ಲಿ ಸರಿಯುತ್ತರಕ್ಕೆ 2 ಅಂಕ, ತಪ್ಪಿಗೆ ಅದರ ಕಾಲು ಭಾಗ, ಅಂದರೆ ಅರ್ಧ ಅಂಕ ಕಡಿತ. ಏನೂ ಗೊತ್ತಿಲ್ಲದೆ ನಾಲ್ಕರಲ್ಲಿ ಒಂದನ್ನು ಆರಿಸಿದರೆ ಸರಾಸರಿ ಲಾಭ ಒಂದು ಅಂಕದ ಎಂಟನೇ ಒಂದು ಭಾಗ, ಇದ್ದೂ ಇಲ್ಲದಂತೆ. ಕೇಂದ್ರದ ಪರೀಕ್ಷೆಯಲ್ಲಿ ಮೂರನೇ ಒಂದು ಭಾಗ ಕಡಿತವಿರುವುದರಿಂದ ಅದೂ ಸೊನ್ನೆಯಾಗುತ್ತದೆ. ಆದರೆ ‘ಮೇಲಿನ ಎಲ್ಲವೂ’ ಇರುವ ಪ್ರಶ್ನೆಯಲ್ಲಿ ಒಂದೇ ಒಂದು ಆಯ್ಕೆಯ ಬಗ್ಗೆ ನಿಮಗೆ ಖಚಿತವಿದ್ದರೂ ಚಿತ್ರ ಬದಲಾಗುತ್ತದೆ. ಆ ಆಯ್ಕೆ ನಿಜವಾದರೆ, ಅದು ಅಥವಾ ‘ಎಲ್ಲವೂ’ ಎಂಬ ಎರಡೇ ಉಳಿಯುತ್ತವೆ. ಅದು ಸುಳ್ಳಾದರೆ ಅದರೊಂದಿಗೆ ‘ಎಲ್ಲವೂ’ ಕೂಡ ಹೋಗಿ ಮತ್ತೆ ಎರಡೇ ಉಳಿಯುತ್ತವೆ. ಎರಡರಲ್ಲಿ ಒಂದನ್ನು ಆರಿಸುವಾಗ ಕೆಎಎಸ್ ಲೆಕ್ಕದಲ್ಲಿ ಸರಾಸರಿ ಲಾಭ ಮುಕ್ಕಾಲು ಅಂಕ. ಇಂಥ ಪ್ರಶ್ನೆಯನ್ನು ಖಾಲಿ ಬಿಡುವುದು ನಷ್ಟ. ‘ಯಾವುದೂ ಅಲ್ಲ’ ಇರುವ ಪ್ರಶ್ನೆಯಲ್ಲಿ ಒಂದು ಸುಳ್ಳು ಮಾತ್ರ ಗೊತ್ತಿದ್ದರೆ ಇನ್ನೂ ಮೂರು ಉಳಿದಿರುತ್ತವೆ, ಲಾಭ ಮೂರನೇ ಒಂದು ಅಂಕ. ಅದನ್ನು ಗುರುತಿಟ್ಟು ಕೊನೆಗೆ ಉಳಿಸಿಕೊಳ್ಳಿ, ಮೊದಲ ಸುತ್ತಿನಲ್ಲಿ ಅದರ ಮುಂದೆ ಕೂರಬೇಡಿ. 100 ಪ್ರಶ್ನೆಗಳಿಗೆ ಎರಡು ಗಂಟೆ ಎಂದರೆ ಒಂದಕ್ಕೆ ಸಿಗುವುದು 72 ಸೆಕೆಂಡು.

ಮುಂದಿನ ಅಣಕು ಪರೀಕ್ಷೆಯ ನಂತರ ಈ ಬಗೆಯ ಪ್ರಶ್ನೆಗಳನ್ನಷ್ಟೇ ಬೇರೆ ಮಾಡಿ, ಪ್ರತಿ ತಪ್ಪಿನ ಮುಂದೆ ಅದು ಹೇಗಾಯಿತು ಎಂದು ಬರೆದುಕೊಳ್ಳಿ: ಮೊದಲ ನಿಜ ಸಿಕ್ಕೊಡನೆ ನಿಂತೆನೋ, ‘ಇರಬಹುದು’ ಎಂಬುದನ್ನು ‘ಹೌದು’ ಎಂದೆನೋ, ಉಳಿದದ್ದನ್ನು ಪರೀಕ್ಷಿಸದೆ ಒಪ್ಪಿದೆನೋ, ನಕಾರದಲ್ಲಿ ತಿರುಗಿದೆನೋ, ಅಥವಾ ವಿಷಯವೇ ಗೊತ್ತಿರಲಿಲ್ಲವೋ. ಕೊನೆಯದಕ್ಕೆ ಓದುವುದೊಂದೇ ಮದ್ದು, ಮೊದಲ ನಾಲ್ಕಕ್ಕೆ ಮೇಲೆ ಹೇಳಿದ ಕ್ರಮವಿದೆ. ಆಯೋಗದ ಪರೀಕ್ಷೆಯಲ್ಲಿ ತುಂಗಭದ್ರೆಯಂಥ ದೋಷಪೂರಿತ ಪ್ರಶ್ನೆ ಬಂದರೆ ಅದನ್ನೂ ಬರೆದಿಟ್ಟುಕೊಳ್ಳಿ. ತಾತ್ಕಾಲಿಕ ಕೀ ಉತ್ತರ ಪ್ರಕಟವಾದಾಗ ಆಕ್ಷೇಪಣೆ ಸಲ್ಲಿಸಲು ಅವಕಾಶವಿರುತ್ತದೆ, ಮತ್ತು ಎರಡು ಆಯ್ಕೆಗಳು ನಿಜ, ಮೂರನೆಯದು ಸುಳ್ಳು ಎಂಬುದನ್ನು ಪಠ್ಯಪುಸ್ತಕದ ಪುಟಸಹಿತ ತೋರಿಸಿಕೊಟ್ಟ ಆಕ್ಷೇಪಣೆಯನ್ನು ತಳ್ಳಿಹಾಕುವುದು ಪರಿಶೀಲಿಸುವವರಿಗೆ ಸುಲಭವಲ್ಲ.